ಇಬ್ರಿಯರಿಗೆ 10:26 – ‘ಪಾಪ ಮಾಡಿದರೆ’ ಅಂತಲೋ, ‘ಮಾಡುತ್ತಿದ್ದರೆ’ ಅಂತಲೋ? ಗ್ರೀಕ್ ಓದಿದವರು ಹೇಳಿ

ಹಳೇಪೇಟೆ ಓದುಗಿ

ನಮ್ಮ ಓದುಕೂಟದಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಗ್ರೀಕ್‌ನಿಂದ ನೇರವಾಗಿ ಕನ್ನಡಕ್ಕೆ ತರುತ್ತಿದ್ದೇವೆ. 10ನೇ ಅಧ್ಯಾಯದ 26ನೇ ವಚನಕ್ಕೆ ಬಂದು ನಿಂತಿದ್ದೇವೆ. ಗ್ರೀಕ್ ಸಾಲು ಹೀಗಿದೆ:

ಹೆಕೂಸಿಓಸ್ ಗಾರ್ ಹಮಾರ್ತನೊಂತೋನ್ ಹೇಮೋನ್ ಮೆತಾ ತೊ ಲಬೇಯ್ನ್ ತೇನ್ ಎಪಿಗ್ನೋಸಿನ್ ತೇಸ್ ಅಲೇಥೇಯಾಸ್, ಊಕೆತಿ ಪೆರಿ ಹಮಾರ್ತಿಯೋನ್ ಅಪೊಲೇಯ್ಪೆತಾಯ್ ಥುಸಿಯಾ.

ಪದಕ್ಕೆ ಪದ ಇಟ್ಟರೆ: ‘ಏಕೆಂದರೆ ಬೇಕೆಂದೇ ಪಾಪ ಮಾಡುವ ನಮ್ಮ, ಸತ್ಯದ ಅರಿವನ್ನು ಪಡೆಯುವುದರ ನಂತರ, ಪಾಪಗಳಿಗಾಗಿ ಇನ್ನು ಯಜ್ಞ ಉಳಿಯುವುದಿಲ್ಲ.’

‘ಪಾಪ ಮಾಡುವ ನಮ್ಮ’ ಅನ್ನುವುದು ಜೆನಿಟಿವ್ ಆಬ್ಸಲ್ಯೂಟ್, ‘ಪಡೆಯುವುದರ ನಂತರ’ ಅನ್ನುವುದು ಆರ್ಟಿಕ್ಯುಲರ್ ಇನ್ಫಿನಿಟಿವ್. ಅಷ್ಟು ಗೊತ್ತಾಯಿತು. ಆದರೆ ಗ್ರೀಕ್‌ನಲ್ಲಿ ‘ರೆ’ ಅನ್ನುವ ಅರ್ಥದ ಪದವೇ ಇಲ್ಲ. ಹಾಗಿದ್ದ ಮೇಲೆ ‘ಮಾಡಿದರೆ’ ಅಂತ ಹಾಕುವುದು ಸರಿಯೇ? ಅಥವಾ ‘ಮಾಡುವಾಗ’, ‘ಮಾಡುತ್ತಿರುವುದರಿಂದ’ ಅನ್ನಬೇಕೇ? ಕೂಟದಲ್ಲಿ ಮೂರಕ್ಕೂ ಒಬ್ಬೊಬ್ಬರು ಗಂಟುಬಿದ್ದಿದ್ದಾರೆ.

ತುಂಗಾತೀರ

ಇಷ್ಟು ಯೋಚನೆ ಯಾಕೆ? ಷಷ್ಠಿ ವಿಭಕ್ತಿ ಇದೆ ಅಂದರೆ ‘ನಮ್ಮ’. ಮುಂದೆ ‘ಪಾಪಗಳಿಗಾಗಿ’ ಇದೆ. ಸೇರಿಸಿ ಓದಿ: ‘ಬೇಕೆಂದೇ ಪಾಪ ಮಾಡುವ ನಮ್ಮ ಪಾಪಗಳಿಗೆ ಇನ್ನು ಯಜ್ಞ ಇಲ್ಲ.’ ಅರ್ಥ ಸರಿಹೋಯಿತಲ್ವಾ?

ಪುಟದಂಚು

ಅರ್ಥ ಹತ್ತಿರ ಬಂದಂತೆ ಕಾಣುತ್ತದೆ, ಆದರೆ ವಾಕ್ಯ ಹಾಗೆ ಕೂಡುವುದಿಲ್ಲ. ‘ಹೇಮೋನ್’ಗೂ ‘ಹಮಾರ್ತಿಯೋನ್’ಗೂ ನಡುವೆ ಎಷ್ಟು ದೂರ ಇದೆ ನೋಡಿ. ಒಂದು ಇಡೀ ‘ಮೆತಾ ತೊ’ ತುಂಡು ಬಂದಿದೆ, ‘ಊಕೆತಿ’ ಬಂದಿದೆ, ಆಮೇಲೆ ‘ಪೆರಿ’. ‘ನಮ್ಮ ಪಾಪಗಳಿಗಾಗಿ’ ಅನ್ನಬೇಕಿದ್ದರೆ ಅವನು ಹೇಮೋನ್ ಅನ್ನು ಪಾಪದ ಪಕ್ಕದಲ್ಲೇ ಇಡುತ್ತಿದ್ದ.

ಇದನ್ನು ಗುರುತಿಸಲು ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಷಷ್ಠಿಯಲ್ಲಿರುವ ಒಂದು ನಾಮಪದವೋ ಸರ್ವನಾಮವೋ, ಅದೇ ಷಷ್ಠಿಯಲ್ಲಿರುವ ಕೃದಂತದ ಜೊತೆ ನಿಂತಿದೆಯಾ? ಮುಖ್ಯ ವಾಕ್ಯದಲ್ಲಿ ಅದನ್ನು ಷಷ್ಠಿಗೆ ಎಳೆಯುವ ಬೇರೆ ಪದ ಏನಾದರೂ ಇದೆಯಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತಾದರೆ ಅದು ಆಬ್ಸಲ್ಯೂಟ್. ಇಲ್ಲಿ ಮುಖ್ಯ ವಾಕ್ಯದ ಕರ್ತೃ ‘ಥುಸಿಯಾ’, ಯಜ್ಞ. ‘ನಾವು’ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಅದಕ್ಕೇ ‘ನಾವು’ ಷಷ್ಠಿಗೆ ಹೋಗಿ ಬೇರೆಯಾಗಿ ನಿಂತಿದ್ದೇವೆ. ಕನ್ನಡದಲ್ಲಿ ಆ ‘ನಮ್ಮ’ ಉಳಿಯಲೇಬಾರದು. ಅದು ‘ನಾವು’ ಆಗಬೇಕು.

ಶಬ್ದಪ್ರಿಯ ಮೇಷ್ಟ್ರು

ಇದು ನಮ್ಮ ಸತಿಸಪ್ತಮಿಯೇ. ‘ಅಸ್ಮಾಸು ಪಾಪಂ ಕುರ್ವತ್ಸು’ ಅಂತ ಬರೆದರೆ ಮುಗಿಯಿತು. ಗ್ರೀಕರು ಸಪ್ತಮಿಯ ಬದಲು ಷಷ್ಠಿ ಇಟ್ಟುಕೊಂಡರು, ಅಷ್ಟೇ.

ಇನ್ನೊಂದು ಮಾತು. ಸಂಸ್ಕೃತದಲ್ಲೂ ಷಷ್ಠಿಯಲ್ಲಿ ಹೀಗೆ ಹೇಳುವುದುಂಟು. ಪಾಣಿನಿ ‘ಷಷ್ಠೀ ಚಾನಾದರೇ’ ಅನ್ನುತ್ತಾನೆ. ‘ರುದತಃ ಪ್ರಾವ್ರಾಜೀತ್’ ಅಂದರೆ ಮಗ ಅಳುತ್ತಿದ್ದರೂ ಅದನ್ನು ಲೆಕ್ಕಿಸದೆ ಸನ್ಯಾಸಕ್ಕೆ ಹೊರಟ. ಹಾಗಾಗಿ ಇಲ್ಲೂ ಅನಾದರದ ಅರ್ಥವೇ ಇರಬೇಕು: ‘ನಾವು ಪಾಪ ಮಾಡುತ್ತಿದ್ದರೂ’. ಷಷ್ಠಿ ಬಂದಿರುವುದೇ ಅದಕ್ಕೆ ಸಾಕ್ಷಿ.

ಪುಟದಂಚು

ಮೇಷ್ಟ್ರೇ, ಮೊದಲರ್ಧ ಒಪ್ಪುತ್ತೇನೆ. ಸತಿಸಪ್ತಮಿ ಗೊತ್ತಿದ್ದವರಿಗೆ ಗ್ರೀಕ್‌ನ ಈ ರಚನೆ ಬೇಗ ಹಿಡಿಸುತ್ತದೆ. ಎರಡನೆಯದು ಮಾತ್ರ ಗ್ರೀಕ್‌ಗೆ ಹೊಂದುವುದಿಲ್ಲ. ಸಂಸ್ಕೃತಕ್ಕೆ ಸಪ್ತಮಿ, ಷಷ್ಠಿ ಎರಡು ದಾರಿ ಇವೆ. ಆದ್ದರಿಂದ ಷಷ್ಠಿ ಆರಿಸಿಕೊಂಡರೆ ಅದಕ್ಕೊಂದು ವಿಶೇಷ ಅರ್ಥ ಬರುತ್ತದೆ. ಗ್ರೀಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಈ ಒಂದೇ ದಾರಿ. ಸಮಯ, ಕಾರಣ, ಷರತ್ತು, ‘ಆದರೂ’, ಎಲ್ಲವನ್ನೂ ಇದೇ ಹೊರುತ್ತದೆ. ಯಾವುದು ಅಂತ ಸಂದರ್ಭ ನೋಡಿ ನಾವೇ ತೀರ್ಮಾನಿಸಬೇಕು.

ಇದೇ ಪತ್ರಿಕೆಯ 7:12 ನೋಡಿ. ‘ಮೆತಾತಿಥೆಮೆನೇಸ್ ಗಾರ್ ತೇಸ್ ಹಿಯೆರೋಸುನೇಸ್’, ಯಾಜಕತ್ವ ಬದಲಾಗುವ ಮಾತು. ಮುಂದೆ ಏನಿದೆ? ಧರ್ಮಶಾಸ್ತ್ರವೂ ಬದಲಾಗಲೇಬೇಕು ಅಂತಿದೆ. ‘ಯಾಜಕತ್ವ ಬದಲಾದಾಗ’, ‘ಬದಲಾದರೆ’, ‘ಬದಲಾಗುತ್ತಿರುವುದರಿಂದ’ ಮೂರೂ ನಿಲ್ಲುತ್ತವೆ. ಅಲ್ಲಿ ಮುಂದಿನ ವಾಕ್ಯದಲ್ಲಿ ‘ಎಕ್ಸ್ ಅನಾಂಕೇಸ್’, ಅಂದರೆ ‘ಅನಿವಾರ್ಯವಾಗಿ’ ಅಂತ ಇರುವುದರಿಂದ ‘ಒಂದು ನಡೆದರೆ ಇನ್ನೊಂದು ನಡೆಯಲೇಬೇಕು’ ಅನ್ನುವ ದಾಟಿ ನನಗೆ ಹೆಚ್ಚು ಸರಿ ಕಾಣುತ್ತದೆ.

10:26ಕ್ಕೆ ಬಂದರೆ ‘ಮಾಡುತ್ತಿದ್ದರೂ’ ಹಾಕಿ ಪೂರ್ತಿ ಓದಿ ನೋಡಿ: ‘ನಾವು ಪಾಪ ಮಾಡುತ್ತಿದ್ದರೂ ಯಜ್ಞ ಉಳಿಯುವುದಿಲ್ಲ.’ ಪಾಪ ಮಾಡುವುದರಿಂದ ಯಜ್ಞ ಉಳಿಯಬೇಕಿತ್ತು ಅಂದ ಹಾಗಾಯಿತು. ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ.

‘ಮಾಡುತ್ತಿರುವುದರಿಂದ’ ಕೂಡ ಬೇಡ. ಹಾಗಂದರೆ ಓದುವವರು ಈಗಾಗಲೇ ಆ ಪಾಪದಲ್ಲಿದ್ದಾರೆ ಅಂತ ಹೇಳಿದಂತಾಗುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ‘ನಾವು ಹಿಂಜರಿದು ನಾಶವಾಗುವವರಲ್ಲ’ ಅಂತ ಅವನೇ ಬರೆದಿದ್ದಾನೆ. ಇದು ಎಚ್ಚರಿಕೆ. ಕನ್ನಡದಲ್ಲಿ ಎಚ್ಚರಿಕೆಗೆ ‘ರೆ’ ಬೇಕು. ಗ್ರೀಕ್‌ನಲ್ಲಿ ಪದವಾಗಿ ಇಲ್ಲದಿದ್ದರೂ ರಚನೆಯ ಒಳಗೆ ಇದೆ.

ಶಬ್ದಪ್ರಿಯ ಮೇಷ್ಟ್ರು

‘ಆದರೂ’ ವಿಷಯ ಒಪ್ಪಿದೆ. ಆದರೆ ನಮ್ಮ ಭಾಷೆಯಲ್ಲೇ ಇದಕ್ಕೊಂದು ಒಳ್ಳೆಯ ರೂಪ ಇದೆ, ಯಾರೂ ಹೇಳುತ್ತಿಲ್ಲ. ‘ಸೂರ್ಯನು ಉದಿಸಲು ಕತ್ತಲೆ ಓಡಿತು.’ ಉದಿಸಿದ್ದು ಸೂರ್ಯ, ಓಡಿದ್ದು ಕತ್ತಲೆ. ಕರ್ತೃ ಬೇರೆ ಬೇರೆ. ‘ಉದಿಸಿ’ ಅನ್ನಲು ಬರುವುದಿಲ್ಲ, ಯಾಕೆಂದರೆ ‘ಉದಿಸಿ’ ಅಂದರೆ ಮುಂದಿನ ಕ್ರಿಯೆಯನ್ನೂ ಸೂರ್ಯನೇ ಮಾಡಬೇಕು. ಜೆನಿಟಿವ್ ಆಬ್ಸಲ್ಯೂಟ್ ಮಾಡುವ ಕೆಲಸವೇ ಇದು. ಸಮಯವೋ ಕಾರಣವೋ ಷರತ್ತೋ ಅಂತ ಅದೂ ಬಾಯಿಬಿಟ್ಟು ಹೇಳುವುದಿಲ್ಲ. ‘ನಾವು ಬೇಕೆಂದೇ ಪಾಪ ಮಾಡಲು, ಯಜ್ಞ ಉಳಿಯದು.’

ಹಳೇಪೇಟೆ ಓದುಗಿ

ಮೇಷ್ಟ್ರೇ, ಕೇಳಲು ಚೆನ್ನಾಗಿದೆ. ಆದರೆ ‘ಪಾಪ ಮಾಡಲು’ ಅಂದರೆ ಈಗಿನವರು ‘ಪಾಪ ಮಾಡುವುದಕ್ಕೋಸ್ಕರ’ ಅಂತಲೇ ಓದುತ್ತಾರೆ. ಸಭೆಯಲ್ಲಿ ಗಟ್ಟಿಯಾಗಿ ಓದುವ ಪಾಠ ಇದು. ಒಂದು ಸಲ ತಪ್ಪಾಗಿ ಕಿವಿಗೆ ಬಿದ್ದರೆ ತಿರುಗಿ ನೋಡಲು ಪುಟ ಎದುರಿಗಿರುವುದಿಲ್ಲ.

ನಿವೃತ್ತ ಗುಮಾಸ್ತ

ಲು ಬಗ್ಗೆ ಚರ್ಚೆ ಅಂತ ಬಂದೆ. ನಾನು ಕೋರ್ಟಿನಲ್ಲಿ ಕೆಲಸ ಮಾಡಿದವನು. ನಮ್ಮ ಕಾಗದಗಳಲ್ಲಿ ಇದು ಇನ್ನೂ ಜೀವಂತ ಇದೆ. ‘ಸದರಿ ವ್ಯಕ್ತಿಯನ್ನು ವಿಚಾರಿಸಲಾಗಿ, ತನಗೆ ಏನೂ ಗೊತ್ತಿಲ್ಲವೆಂದು ತಿಳಿಸಿದನು.’ ವಿಚಾರಿಸಿದವರು ನಾವು, ತಿಳಿಸಿದವನು ಅವನು. ‘ವಿಚಾರಿಸಿ ತಿಳಿಸಿದನು’ ಅಂತ ಬರೆದರೆ ಇಡೀ ಹೇಳಿಕೆ ಕೆಟ್ಟುಹೋಗುತ್ತದೆ. ಹೊಸ ಹುಡುಗರು ಹಾಗೆ ಬರೆದು ತಂದಾಗ ನಾನು ತಿದ್ದಿ ಕೊಡುತ್ತಿದ್ದೆ. ನಿಮ್ಮ ಗ್ರೀಕ್ ನನಗೆ ಗೊತ್ತಿಲ್ಲ, ಆದರೆ ‘ಲಾಗಿ’ ಹಾಕಿದರೆ ‘ಉದ್ದೇಶಕ್ಕಾಗಿ’ ಅನ್ನುವ ಗೊಂದಲ ಇರುವುದಿಲ್ಲ.

ಪುಟದಂಚು

ಸರ್, ನೀವು ಕೊಟ್ಟ ಉದಾಹರಣೆ ಅಚ್ಚುಕಟ್ಟಾಗಿದೆ. ಕರ್ತೃ ಬದಲಾಗುವ ಜಾಗ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ‘ಲಾಗಿ’ ಈಗ ನಡೆದು ಮುಗಿದ ಸಂಗತಿಗೆ ಅಂಟಿಕೊಂಡಿದೆ. ವಿಚಾರಿಸಿದ್ದು ಆಗಿಹೋಗಿದೆ. 10:26ರಲ್ಲಿ ಇನ್ನೂ ಆಗದಿರುವ, ಆಗಬಾರದ ಸಂಗತಿ ಇದೆ. ಅದೇ ಪತ್ರಿಕೆಯ 9:19ಕ್ಕೆ ಬೇಕಾದರೆ ‘ಲಾಗಿ’ ಹೊಂದುತ್ತದೆ. ಮೋಶೆ ಆಜ್ಞೆಗಳನ್ನೆಲ್ಲ ಜನರಿಗೆ ಹೇಳಿದ ಮೇಲೆ ರಕ್ತ ಚಿಮುಕಿಸಿದ ಅನ್ನುವ ಜಾಗ ಅದು. ಅಲ್ಲಿ ಕೃದಂತ ಅಯೋರಿಸ್ಟ್‌ನಲ್ಲಿದೆ, ಕೆಲಸ ಮುಗಿದಿದೆ.

ಕಡಲ ಹುಡುಗ

ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ‘ಹಮಾರ್ತನೊಂತೋನ್’ ವರ್ತಮಾನ ಕೃದಂತ. ವರ್ತಮಾನ ಅಂದರೆ ಎಡೆಬಿಡದೆ ಮಾಡುವುದು, ರೂಢಿ ಮಾಡಿಕೊಳ್ಳುವುದು. ಹಾಗಾಗಿ ‘ಮಾಡುತ್ತಲೇ ಇದ್ದರೆ’. ವ್ಯಾಕರಣವೇ ಹೇಳುತ್ತಿದೆ, ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಪುಟದಂಚು

ಚರ್ಚೆಗೆ ಇದೆ. ವರ್ತಮಾನ ಕೃದಂತ ಕ್ರಿಯೆಯನ್ನು ಒಳಗಿನಿಂದ, ನಡೆಯುತ್ತಿರುವಂತೆ ತೋರಿಸುತ್ತದೆ. ಅಷ್ಟೇ. ಎಷ್ಟು ಸಲ, ಎಷ್ಟು ದಿನ ಅಂತ ಅದು ಎಣಿಸುವುದಿಲ್ಲ. ‘ಅವನು ಬಾಗಿಲು ತೆರೆಯುತ್ತಿರುವಾಗ’ ಅಂದರೆ ದಿನವೂ ತೆರೆಯುತ್ತಾನೆ ಅಂತ ಅರ್ಥವಲ್ಲ, ಅಲ್ವಾ?

‘ರೂಢಿ’ ಅನ್ನುವ ಓದಿಗೆ ಬೇರೆ ಕಡೆ ಆಧಾರ ಇದೆ. ಹಿಂದಿನ 25ನೇ ವಚನದಲ್ಲಿ ಕೆಲವರು ಸಭೆಗೆ ಬರುವುದನ್ನು ಬಿಡುವುದು ‘ರೂಢಿಯಾಗಿದೆ’ ಅಂತ ಹೇಳಿದ್ದಾನೆ. 26 ‘ಗಾರ್’ ಅಂತ, ಅಂದರೆ ‘ಏಕೆಂದರೆ’ ಅಂತ ಶುರುವಾಗಿ ಅದಕ್ಕೇ ಕೊಂಡಿ ಹಾಕುತ್ತದೆ. ಇದು ನಿಮ್ಮ ಪರ.

ಇನ್ನೊಂದು ಕಡೆ, 29ರಲ್ಲಿ ಇದೇ ಮನುಷ್ಯನ ಬಗ್ಗೆ ದೇವರ ಮಗನನ್ನು ತುಳಿದವನು, ಒಡಂಬಡಿಕೆಯ ರಕ್ತವನ್ನು ಸಾಮಾನ್ಯವೆಂದು ಎಣಿಸಿದವನು, ಕೃಪೆಯ ಆತ್ಮವನ್ನು ಅವಮಾನಿಸಿದವನು ಅಂತ ಮೂರು ಕೃದಂತ ಇಟ್ಟಿದ್ದಾನೆ. ಮೂರೂ ಅಯೋರಿಸ್ಟ್. ಅಲ್ಲಿ ಇಡೀ ಕೃತ್ಯವನ್ನು ಒಂದೇ ನೋಟದಲ್ಲಿ ನೋಡುತ್ತಾನೆ. ಬರೀ ಕೃದಂತದ ಮೇಲೆ ‘ಲೇ’ ಕಟ್ಟಿದರೆ ಈ ಕಡೆಯ ಸಾಕ್ಷಿ ಕಾಣದೆ ಹೋಗುತ್ತದೆ.

ನನ್ನ ಪ್ರಕಾರ ಭಾರ ಇರುವುದು ಕ್ರಿಯಾಪದದ ಮೇಲಲ್ಲ, ಮೊದಲ ಪದದ ಮೇಲೆ. ‘ಹೆಕೂಸಿಓಸ್’, ಬೇಕೆಂದೇ. ಅದನ್ನು ಎಲ್ಲಕ್ಕಿಂತ ಮುಂದೆ ತಂದು ನಿಲ್ಲಿಸಿದ್ದಾನೆ. ಯಾಜಕಕಾಂಡದ 4ನೇ ಅಧ್ಯಾಯದ ಗ್ರೀಕ್‌ನಲ್ಲಿ ತಿಳಿಯದೆ ಮಾಡಿದ ಪಾಪಕ್ಕೆ ಇದರ ವಿರುದ್ಧ ಪದವೇ ಇದೆ, ‘ಅಕೂಸಿಓಸ್’. ಅಂಥ ಪಾಪಕ್ಕೆ ಯಜ್ಞ ಇತ್ತು. ಕೈಯೆತ್ತಿ ಮಾಡಿದ ಪಾಪದವನನ್ನು ಜನರ ನಡುವಿನಿಂದ ತೆಗೆದುಹಾಕಬೇಕು ಅಂತ ಅರಣ್ಯಕಾಂಡ 15 ಹೇಳುತ್ತದೆ. ಈ ಹಿನ್ನೆಲೆ ತಿಳಿದಿದ್ದ ಓದುಗನಿಗೆ ಮೊದಲ ಪದ ಕಿವಿಗೆ ಬಿದ್ದ ತಕ್ಷಣ ‘ಯಜ್ಞ ಇಲ್ಲ’ ಅನ್ನುವುದು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುತ್ತಿತ್ತು.

ಕಡಲ ಹುಡುಗ

‘ಬೇಕೆಂದೇ’ ವಿಷಯ ಸರಿ. ‘ಲೇ’ ಬಿಡಲು ನಾನು ತಯಾರಿಲ್ಲ. ‘ಮಾಡಿದರೆ’ ಅಂದರೆ ಒಂದೇ ಸಲಕ್ಕೆ ಎಲ್ಲಾ ಮುಗಿಯಿತು ಅಂತ ಕೇಳಿಸುತ್ತದೆ. ಅದೂ ಗ್ರೀಕ್‌ನಲ್ಲಿ ಇಲ್ಲ.

ಮಲ್ಲಿಗೆ ಅಂಗಳ

ಅದೇ ನನ್ನ ಸಂಕಟ. ನಮ್ಮ ಅತ್ತೆ ಈ ಒಂದು ವಚನ ಓದಿ ಎಷ್ಟೋ ಕಾಲ ಕರ್ತನ ಭೋಜನಕ್ಕೆ ಮುಂದೆ ಬರಲಿಲ್ಲ. ಯಾವಾಗಲೋ ಬೇಕೆಂದೇ ಒಂದು ಸುಳ್ಳು ಹೇಳಿದ್ದರಂತೆ. ‘ಮಾಡಿದರೆ ಅಂತ ಬರೆದಿದೆ, ನಾನು ಮಾಡಿದ್ದೇನೆ’ ಅನ್ನುತ್ತಿದ್ದರು. ಅವರಿಗೆ ಉತ್ತರ ಕೊಡಲು ನನಗೆ ಗೊತ್ತಾಗಲಿಲ್ಲ. ನೀವು ಅನುವಾದ ಮಾಡುವವರು ಇಂಥವರನ್ನೂ ನೆನೆಸಿಕೊಳ್ಳಿ.

ಸಭೆಯ ಚರಿತ್ರೆ

ಅಕ್ಕಾ, ನಿಮ್ಮ ಅತ್ತೆಯವರ ಪ್ರಶ್ನೆ ತುಂಬಾ ಹಳೆಯದು. ಕ್ರಿ.ಶ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಕಾಲದ ಹಿಂಸೆಗೆ ಹೆದರಿ ಅನೇಕರು ವಿಗ್ರಹಗಳಿಗೆ ಬಲಿ ಕೊಟ್ಟರು. ಅವರನ್ನು ಮತ್ತೆ ಸಭೆಗೆ ಸೇರಿಸಬಾರದು ಅಂತ ರೋಮಿನ ನೊವೇಷಿಯನ್ ಹಟ ಹಿಡಿದ, 251ರಲ್ಲಿ ಸಭೆಯೇ ಒಡೆಯಿತು. ಮುಂದೆ ಅವನ ಕಡೆಯವರು ಈ ಪತ್ರಿಕೆಯ 6ನೇ ಅಧ್ಯಾಯವನ್ನು ತಮಗೆ ಆಧಾರವಾಗಿ ಹಿಡಿದುಕೊಂಡರು.

ಗ್ರೀಕ್ ಮಾತೃಭಾಷೆಯಾಗಿದ್ದ ಜಾನ್ ಕ್ರಿಸೊಸ್ಟಮ್ 10:26ರ ಮೇಲೆ ಉಪದೇಶ ಮಾಡುವಾಗ, ಇಲ್ಲಿ ಪಶ್ಚಾತ್ತಾಪವನ್ನು ತೆಗೆದುಹಾಕಿಲ್ಲ, ಎರಡನೆಯ ಯಜ್ಞ ಇಲ್ಲ ಅಂತ ಮಾತ್ರ ಹೇಳಿದೆ ಅಂತ ವಿವರಿಸುತ್ತಾನೆ. ಅಂದರೆ ಅವನು ಉತ್ತರ ಹುಡುಕಿದ್ದು ‘ಥುಸಿಯಾ’ ಪದದಲ್ಲಿ.

ತುಂಗಾತೀರ

ಇದನ್ನು ಬರೆದದ್ದು ಪೌಲನೇ ಅಲ್ಲವೇ? ಅವನ ಬೇರೆ ಪತ್ರಿಕೆಗಳಲ್ಲಿ ಇಷ್ಟು ಕಷ್ಟ ಇಲ್ಲ.

ಸಭೆಯ ಚರಿತ್ರೆ

ಪತ್ರಿಕೆಯಲ್ಲಿ ಹೆಸರೇ ಇಲ್ಲ. ಇದರ ಗ್ರೀಕ್ ಪೌಲನ ಗ್ರೀಕ್‌ಗಿಂತ ನಯವಾಗಿದೆ ಅಂತ 3ನೇ ಶತಮಾನದಲ್ಲೇ ಒರಿಜೆನ್ ಗುರುತಿಸಿದ್ದ. ಬರೆದವರು ಯಾರು ಅನ್ನುವುದು ದೇವರಿಗೇ ಗೊತ್ತು ಅಂತಲೂ ಹೇಳಿದ. ನೀವು ಕಷ್ಟ ಅಂದದ್ದು ಆ ನಯವನ್ನೇ ಇರಬೇಕು.

ಹಳೇಪೇಟೆ ಓದುಗಿ

‘ಮೆತಾ ತೊ ಲಬೇಯ್ನ್’ ಬಗ್ಗೆ ಯಾರೂ ಹೇಳಲಿಲ್ಲ. ‘ಪಡೆದ ಮೇಲೆ’ ಅಂದರೆ ಸಾಕೇ? ನಮ್ಮಲ್ಲೊಬ್ಬರು ‘ಪಡೆಯುವಿಕೆಯ ಅನಂತರ’ ಅಂತ ಬರೆದಿದ್ದಾರೆ. ಇನ್ಫಿನಿಟಿವ್ ನಾಮಪದ ಆಗಿರುವುದರಿಂದ ನಾಮಪದವೇ ಬೇಕು ಅನ್ನುತ್ತಾರೆ.

ಪುಟದಂಚು

‘ಪಡೆದ ಮೇಲೆ’ ಸಾಕು. ಇನ್ಫಿನಿಟಿವ್‌ನ ಹಿಂದೆ ‘ತೊ’ ಬಂದಿರುವುದು ಅದಕ್ಕೆ ‘ಮೆತಾ’ ತಗುಲಿಸುವುದಕ್ಕೆ. ಕನ್ನಡದಲ್ಲಿ ಆ ಕೆಲಸವನ್ನು ‘ಪಡೆದ’ ಅನ್ನುವ ರೂಪವೇ ಮಾಡುತ್ತದೆ, ‘ಮೇಲೆ’ ಬಂದು ಅದಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ. ‘ವಿಕೆ’ ಹಾಕಿದರೆ ವಾಕ್ಯ ಕಚೇರಿಯ ಸುತ್ತೋಲೆ ಆಗುತ್ತದೆ. ‘ಲಬೇಯ್ನ್’ ಅಯೋರಿಸ್ಟ್ ಆಗಿರುವುದರಿಂದಲೇ ಭೂತಕಾಲ ಬಂತು ಅಂತಲೂ ತಿಳಿಯಬೇಡಿ. ಮೊದಲು ಅರಿವು, ಆಮೇಲೆ ಪಾಪ ಅನ್ನುವ ಕ್ರಮ ಕೊಡುವುದು ‘ಮೆತಾ’.

ಪಡೆದವರು ಯಾರು ಅಂತ ಗ್ರೀಕ್ ಬಿಡಿಸಿ ಹೇಳಿಲ್ಲ. ಆ ‘ಹೇಮೋನ್’ನವರೇ, ಅಂದರೆ ನಾವೇ. ಕನ್ನಡದಲ್ಲಿ ‘ನಾವು’ ಒಂದೇ ಸಲ ಇಟ್ಟರೆ ಎರಡಕ್ಕೂ ಸಲ್ಲುತ್ತದೆ.

ನಿಜವಾದ ಪೇಚು 10:15ರಲ್ಲಿ ಇದೆ, ನೀವು ದಾಟಿ ಬಂದಿರಬೇಕು. ‘ಮೆತಾ ಗಾರ್ ತೊ ಎಯ್ರೇಕೆನಾಯ್’, ‘ಹೇಳಿದ ಮೇಲೆ’. ಅಲ್ಲಿಂದ ಯೆರೆಮೀಯನ ಮಾತು ಶುರು: ‘ನಾನು ಅವರೊಡನೆ ಮಾಡುವ ಒಡಂಬಡಿಕೆ ಇದೇ...’ ಅದು ಹಾಗೇ ಹರಿದು 17ರಲ್ಲಿ ‘ಅವರ ಪಾಪಗಳನ್ನು ಇನ್ನು ನೆನಪಿಗೆ ತರುವುದಿಲ್ಲ’ ಅಂತ ಮುಗಿಯುತ್ತದೆ. ‘ಹೇಳಿದ ಮೇಲೆ’ ಏನಾಯಿತು? ಅದಕ್ಕೆ ಜೋಡಿಯಾಗಬೇಕಾದ ಕ್ರಿಯಾಪದ ಎಲ್ಲಿ?

ಕಡಲ ಹುಡುಗ

17ರ ಮೊದಲು ‘ಆಮೇಲೆ ಹೇಳುತ್ತಾನೆ’ ಅಂತ ಇದೆಯಲ್ಲ?

ಪುಟದಂಚು

ಅನೇಕ ಅನುವಾದಗಳಲ್ಲಿ ಇದೆ. ಗ್ರೀಕ್‌ನಲ್ಲಿ ಕೆಲವು ಹಸ್ತಪ್ರತಿಗಳು ‘ಹುಸ್ತೆರೊನ್ ಲೆಗೇಯ್’ ಅಂತ ಸೇರಿಸಿವೆ. ಹಳೆಯ, ಮುಖ್ಯ ಪ್ರತಿಗಳಲ್ಲಿ ಇಲ್ಲ. ನಕಲು ಮಾಡಿದವರಿಗೂ ವಾಕ್ಯ ತೂಗಾಡುತ್ತಿದೆ ಅನ್ನಿಸಿ ಸೇರಿಸಿರಬೇಕು. ಕೆಲವರು 16ರ ನಡುವೆ ಇರುವ ‘ಕರ್ತನು ಹೇಳುತ್ತಾನೆ’ ಅನ್ನುವುದನ್ನೇ ಜೋಡಿ ಮಾಡುತ್ತಾರೆ. ಆದರೆ ಆ ಮಾತು ಯೆರೆಮೀಯನಲ್ಲೇ ಇರುವಂಥದ್ದು, ಇವನು ಸೇರಿಸಿದ್ದಲ್ಲ. ನನಗಂತೂ 17ರ ಮೊದಲು ‘ಆಮೇಲೆ’ ಹಾಕುವುದೇ ಹೆಚ್ಚು ಒಪ್ಪಿಗೆ. ವಾದದ ಮೊನೆ ಇರುವುದು 17ರಲ್ಲಿ. 18 ಅದನ್ನೇ ಹಿಡಿದುಕೊಂಡು ‘ಕ್ಷಮೆ ಇರುವಲ್ಲಿ ಪಾಪಕ್ಕಾಗಿ ಇನ್ನು ಅರ್ಪಣೆ ಇಲ್ಲ’ ಅನ್ನುತ್ತದೆ.

ಶಬ್ದಪ್ರಿಯ ಮೇಷ್ಟ್ರು

ಮೂಲದಲ್ಲಿ ಇಲ್ಲದ್ದನ್ನು ಸೇರಿಸುವುದು ಬೇಡ. ‘ಹೇಳಿದ ಮೇಲೆ’ ಅನ್ನುವುದನ್ನು ‘ಮೊದಲು ಹೀಗೆ ಹೇಳುತ್ತಾನೆ’ ಅಂತ ಸ್ವತಂತ್ರ ವಾಕ್ಯ ಮಾಡಿ. ಆಗ ಯಾವುದೂ ತೂಗಾಡುವುದಿಲ್ಲ.

ಪುಟದಂಚು

ಅದರಿಂದ ‘ಮೆತಾ’ ಹೋಗುತ್ತದೆ ಮೇಷ್ಟ್ರೇ. ‘ಮೇಲೆ’ ಅಂತ ಅವನು ಬರೆದದ್ದೇ ಎರಡು ಮಾತುಗಳ ನಡುವೆ ಒಂದು ಗೆರೆ ಎಳೆಯಲು. ಒಂದು ಪದ ಸೇರಿಸಿದರೂ ಆ ಗೆರೆ ಉಳಿಯಲಿ.

ಶಬ್ದಪ್ರಿಯ ಮೇಷ್ಟ್ರು

‘ಮೊದಲು’ ಅಂದ ಮೇಲೆ ಗೆರೆ ಇದ್ದೇ ಇದೆ. ನಾನು ಒಪ್ಪುವುದಿಲ್ಲ.

ಮಲ್ಲಿಗೆ ಅಂಗಳ

ಒಂದು ನಿಮಿಷ. 18ರಲ್ಲಿ ‘ಕ್ಷಮೆ ಇರುವಲ್ಲಿ ಇನ್ನು ಅರ್ಪಣೆ ಇಲ್ಲ’. 26ರಲ್ಲಿ ‘ಇನ್ನು ಯಜ್ಞ ಉಳಿಯುವುದಿಲ್ಲ’. ಎರಡು ಕಡೆಯೂ ಒಂದೇ ‘ಇನ್ನು ಇಲ್ಲ’ವೇ?

ಪುಟದಂಚು

ಹೌದು, ಎರಡೂ ಕಡೆ ‘ಊಕೆತಿ’. 18ರಲ್ಲಿ ಅದು ನೆಮ್ಮದಿಯ ಮಾತು: ಕ್ಷಮೆ ಸಿಕ್ಕಿದೆ, ಇನ್ನೊಂದು ಅರ್ಪಣೆ ಬೇಕಿಲ್ಲ. 26ರಲ್ಲಿ ಅದೇ ಮಾತು ಎಚ್ಚರಿಕೆ ಆಗುತ್ತದೆ: ಆ ಒಂದನ್ನು ತಿಳಿದೂ ತಳ್ಳಿದರೆ ಬದಲಿಗೆ ಬೇರೊಂದು ಇಲ್ಲ. ಅಕ್ಕಾ, ನಿಮ್ಮ ಅತ್ತೆಯವರಿಗೆ 18 ಮತ್ತು 26 ಎರಡನ್ನೂ ಒಟ್ಟಿಗೆ ಓದಿ ಹೇಳಿ. ಓದುಗಿಯವರೇ, ಎರಡು ಕಡೆಯೂ ‘ಇನ್ನು’ ಅಂತಲೇ ಇಡಿ, ಒಂದು ಕಡೆ ‘ಮತ್ತೆ’ ಅಂತ ಬದಲಿಸಬೇಡಿ.

ಹಳೇಪೇಟೆ ಓದುಗಿ

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಏಕೆಂದರೆ ಸತ್ಯದ ಅರಿವನ್ನು ಪಡೆದ ಮೇಲೆ ನಾವು ಬೇಕೆಂದೇ ಪಾಪ ಮಾಡುತ್ತಿದ್ದರೆ, ಪಾಪಗಳಿಗಾಗಿ ಇನ್ನು ಯಜ್ಞ ಉಳಿಯುವುದಿಲ್ಲ.’

‘ಲೇ’ ಇಲ್ಲ, ಆದರೆ ‘ಮಾಡಿದರೆ’ ಕೂಡ ಅಲ್ಲ. ಗ್ರೀಕ್‌ನಲ್ಲಿ ‘ಬೇಕೆಂದೇ’ ಮೊದಲಿದೆ, ನನ್ನದರಲ್ಲಿ ನಡುವೆ ಹೋಗಿದೆ. ಅದನ್ನು ಮುಂದೆ ತಂದರೆ ‘ಬೇಕೆಂದೇ, ಸತ್ಯದ ಅರಿವನ್ನು ಪಡೆದ ಮೇಲೆ’ ಅಂತಾಗಿ, ಅರಿವನ್ನೇ ಬೇಕೆಂದು ಪಡೆದ ಹಾಗೆ ಕೇಳಿಸುತ್ತದೆ.

ಪುಟದಂಚು

ಕ್ರಿಯಾಪದದ ಪಕ್ಕದಲ್ಲೇ ಇರಲಿ. ಕನ್ನಡದಲ್ಲಿ ಒತ್ತು ಬೀಳುವ ಜಾಗ ಅದು, ‘ಏ’ ಕೂಡ ಇದೆ. ‘ಮಾಡುತ್ತಿದ್ದರೆ’ ನನಗೆ ಒಪ್ಪಿಗೆ.

ಕಡಲ ಹುಡುಗ

‘ಮಾಡುತ್ತಿದ್ದರೆ’ ಅಂದರೆ ‘ಹಿಂದೆ ಮಾಡಿದ್ದರೆ ಹೀಗಾಗುತ್ತಿತ್ತು’ ಅಂತಲೂ ಓದಬಹುದು. ‘ಮಳೆ ಬರುತ್ತಿದ್ದರೆ ಹೋಗುತ್ತಿರಲಿಲ್ಲ’ ಅನ್ನುವ ಹಾಗೆ. ‘ಲೇ’ ಹಾಕಿದರೆ ಆ ಅನುಮಾನ ಹೋಗುತ್ತದೆ. ಇನ್ನೊಮ್ಮೆ ಯೋಚಿಸಿ.

ಹಳೇಪೇಟೆ ಓದುಗಿ

ಕೊನೆಯಲ್ಲಿ ‘ಉಳಿಯುವುದಿಲ್ಲ’ ಅಂತ ಇರುವುದರಿಂದ ಆ ಅನುಮಾನ ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ಎರಡೂ ರೂಪಗಳನ್ನು ಕೂಟದಲ್ಲಿ ಗಟ್ಟಿಯಾಗಿ ಓದಿಸಿ, ಕೇಳಿದವರಿಗೆ ಏನು ಅರ್ಥವಾಯಿತು ಅಂತ ವಿಚಾರಿಸುತ್ತೇನೆ. 10:15ಕ್ಕೆ ಮೇಷ್ಟ್ರ ರೂಪವನ್ನೂ ಇನ್ನೊಂದನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಅದು ಇನ್ನೂ ತೀರ್ಮಾನ ಆಗಿಲ್ಲ. 9:8ರಲ್ಲಿ ಒಂದೇ ವಚನದಲ್ಲಿ ಎರಡು ಜೆನಿಟಿವ್ ಆಬ್ಸಲ್ಯೂಟ್ ಇವೆ, ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ.